ಬೇರೆಯವರನ್ನು ನಿರೀಕ್ಷಿಸಿದ್ದ ತಂಡದೆದುರು ಹೊಸ ಮುಖ್ಯಸ್ಥರ ಮೊದಲ ಮಾತು: ತಯಾರಿಯಿಂದ ಮರುವಾರದವರೆಗೆ

ವಿಭಾಗದ ಮುಖ್ಯಸ್ಥರ ಹುದ್ದೆ ಕೆಲವು ತಿಂಗಳಿಂದ ಖಾಲಿ ಇದೆ. ಒಳಗಿನ ಹಿರಿಯರೊಬ್ಬರು ಪ್ರಭಾರ ವಹಿಸಿಕೊಂಡು ಎಲ್ಲವನ್ನೂ ನಡೆಸುತ್ತಿದ್ದಾರೆ. ಆದೇಶ ಬರುವುದಷ್ಟೇ ಬಾಕಿ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಆದೇಶ ಬರುತ್ತದೆ, ಅದರಲ್ಲಿ ನಿಮ್ಮ ಹೆಸರಿರುತ್ತದೆ. ಮರುದಿನವೋ ಅದರ ಮರುದಿನವೋ ಆ ತಂಡದ ಮುಂದೆ ನಿಂತು ನೀವು ಮಾತನಾಡಬೇಕು.

ಇಂಥ ಜಾಗದಲ್ಲಿ ನಾನು ಎರಡು ಸಲ ನಿಂತಿದ್ದೇನೆ. ಮೊದಲ ಸಲ ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ಅದರಲ್ಲಿ ಒಂದಿಡೀ ಪುಟ ಪ್ರಭಾರದಲ್ಲಿದ್ದ ಹಿರಿಯರ ಗುಣಗಾನ. ಓದುತ್ತಾ ಹೋದಂತೆ ಅವರು ಮೇಜಿನ ಅಂಚನ್ನೇ ನೋಡುತ್ತಾ ಕುಳಿತರು, ಉಳಿದವರು ಅವರನ್ನು ನೋಡುತ್ತಾ ಕುಳಿತರು. ‘ಏನಾದರೂ ಪ್ರಶ್ನೆ ಇದೆಯೇ?’ ಎಂದು ಕೇಳಿದೆ. ಯಾರೂ ಬಾಯಿ ತೆರೆಯಲಿಲ್ಲ. ಆ ಮೌನ ಒಡೆಯಲು ಆರು ತಿಂಗಳು ಹಿಡಿಯಿತು. ನನ್ನ ನೇಮಕದ ಸುದ್ದಿ ಆ ಹಿರಿಯರಿಗೆ, ಎಲ್ಲರಿಗೂ ಹೋದ ಅದೇ ಮಿಂಚಂಚೆಯಿಂದಲೇ ಗೊತ್ತಾಗಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಎರಡನೆಯ ಸಲ ಬೇರೆ ರೀತಿಯಲ್ಲಿ ಮಾಡಿದೆ. ಅದು 14 ಮಂದಿಯ ಖರೀದಿ ವಿಭಾಗ. 11 ವರ್ಷ ಅಲ್ಲೇ ದುಡಿದಿದ್ದ, ಐದು ತಿಂಗಳು ಪ್ರಭಾರ ನೋಡಿಕೊಂಡಿದ್ದ ಮಹಿಳೆಯೊಬ್ಬರಿಗೇ ಹುದ್ದೆ ಸಿಗುತ್ತದೆಂದು ಎಲ್ಲರೂ ನಂಬಿದ್ದರು. ಇಲ್ಲಿ ಅವರನ್ನು ಮೇಡಂ ಎಂದಷ್ಟೇ ಕರೆಯುತ್ತೇನೆ. ಕೆಳಗಿನ ಹಂತಗಳನ್ನು ಬಹುಪಾಲು ಆ ಎರಡನೆಯ ಸಲದ ಅನುಭವದಿಂದ ಬರೆಯುತ್ತಿದ್ದೇನೆ.

ಹಂತ 1: ಆಯ್ಕೆ ಮಾಡಿದವರನ್ನು ಮೊದಲು ವಿಚಾರಿಸಿ

ಭಾಷಣ ಬರೆಯಲು ಕೂರುವ ಮೊದಲು ನಿಮ್ಮನ್ನು ನೇಮಿಸಿದ ಅಧಿಕಾರಿಯ ಬಳಿ ಹೋಗಿ. ಅಲ್ಲಿ ತಿಳಿದುಕೊಳ್ಳಬೇಕಾದ ಸಂಗತಿಗಳು ಮೂರು. ‘ಹುದ್ದೆ ನಿಮಗೇ’ ಎಂದು ಪ್ರಭಾರದಲ್ಲಿದ್ದವರಿಗೆ ಯಾರಾದರೂ ಮಾತು ಕೊಟ್ಟಿದ್ದರೇ? ಸಿಗಲಿಲ್ಲ ಎಂಬುದನ್ನು ಅವರಿಗೆ ಯಾರು, ಯಾವಾಗ, ಎದುರು ಕುಳಿತು ಹೇಳಿದರು? ಆಯ್ಕೆಯ ಬಗ್ಗೆ ತಂಡ ಕೇಳಿದರೆ ಏನು ಹೇಳಬಹುದು, ಹೇಳುವವರು ಯಾರು?

ಎರಡನೆಯ ಪ್ರಶ್ನೆಗೆ ‘ಇನ್ನೂ ಹೇಳಿಲ್ಲ’ ಎಂಬ ಉತ್ತರ ಬಂದರೆ ನಿಮ್ಮ ಸಭೆಯನ್ನು ಮುಂದಕ್ಕೆ ಹಾಕಿಸಿ. ಸೌಜನ್ಯಕ್ಕೆಂದು ನೀವೇ ಹೋಗಿ ಆ ಸುದ್ದಿ ಮುಟ್ಟಿಸಬೇಡಿ. ಹುದ್ದೆ ತಪ್ಪಿದ ಸುದ್ದಿಯನ್ನು ಆ ಹುದ್ದೆ ಸಿಕ್ಕವರ ಬಾಯಿಂದಲೇ ಕೇಳುವಷ್ಟು ಕಹಿಯಾದ ಗಳಿಗೆ ಕಚೇರಿಯ ಬದುಕಿನಲ್ಲಿ ಮತ್ತೊಂದಿರಲಾರದು. ಅದನ್ನು ಹೇಳಬೇಕಾದವರು ನಿರ್ಧಾರ ಮಾಡಿದವರು.

ಮಾತು ಕೊಟ್ಟು ತಪ್ಪಿದ್ದಾರೆ ಎಂದು ಗೊತ್ತಾದರೆ, ನಿಮ್ಮ ಭಾಷಣ ಆ ಗಾಯವನ್ನು ವಾಸಿಮಾಡಲಾರದು ಎಂಬುದನ್ನು ಒಪ್ಪಿಕೊಳ್ಳಿ. ಆ ನಿರ್ಧಾರವನ್ನು ಸಮರ್ಥಿಸಲೂ ಬೇಡಿ, ಟೀಕಿಸಲೂ ಬೇಡಿ. ಆಯ್ಕೆಯ ವಿರುದ್ಧ ಲಿಖಿತ ದೂರು ಸಲ್ಲಿಕೆಯಾಗಿದ್ದರೆ ಆ ವಿಷಯವಾಗಿ ಸಭೆಯಲ್ಲಿ ಒಂದು ಪದವನ್ನೂ ಆಡಬೇಡಿ. ‘ಅದು ವಿಚಾರಣೆಯಲ್ಲಿದೆ, ನಾನು ಮಾತನಾಡುವಂತಿಲ್ಲ’ ಎಂದರೆ ಸಾಕು.

ಅದೇ ಭೇಟಿಯಲ್ಲಿ ಇನ್ನೊಂದನ್ನೂ ಕೇಳಿ: ಬರುವ ಒಂದೆರಡು ತಿಂಗಳಲ್ಲಿ ಈ ವಿಭಾಗದಲ್ಲಿ ಮೇಲಿನವರು ಏನಾದರೂ ಬದಲಾವಣೆಯನ್ನು ಈಗಾಗಲೇ ತೀರ್ಮಾನಿಸಿದ್ದಾರೆಯೇ? ಮೊದಲ ಸಲ ನಾನಿದನ್ನು ಕೇಳಿರಲಿಲ್ಲ. ‘ಯಾರ ಕೆಲಸವೂ ಬದಲಾಗುವುದಿಲ್ಲ’ ಎಂದು ಸಭೆಯಲ್ಲಿ ಧೈರ್ಯವಾಗಿ ಹೇಳಿಬಿಟ್ಟೆ. ಮೂರು ವಾರಕ್ಕೆ ಮೇಲಿನಿಂದ ಎರಡು ಹುದ್ದೆಗಳನ್ನು ಒಂದು ಮಾಡಿದ ಆದೇಶ ಬಂತು. ನನಗೆ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ?

ಹಂತ 2: ನಿರೀಕ್ಷೆಯಲ್ಲಿದ್ದವರನ್ನು ಸಭೆಗೆ ಮೊದಲೇ ಕಾಣಿರಿ

ಈ ಇಡೀ ಕೆಲಸದ ಅರ್ಧ ಭಾಗ ಇಲ್ಲಿದೆ. ಸಭೆಯ ಹಿಂದಿನ ದಿನ ಅರ್ಧ ಗಂಟೆ ಸಾಕು. ಅವರನ್ನು ನಿಮ್ಮ ಕೊಠಡಿಗೆ ಕರೆಸಿಕೊಳ್ಳಬೇಡಿ. ನಿನ್ನೆಯವರೆಗೆ ಅವರೇ ಕುಳಿತಿದ್ದ ಕುರ್ಚಿಯಲ್ಲಿ ನೀವು ಕುಳಿತು ಅವರನ್ನು ಎದುರು ಕೂರಿಸುವುದು ಬೇಡ. ಅವರ ಮೇಜಿನ ಬಳಿ ಹೋಗಿ, ಇಲ್ಲವೇ ಯಾರದೂ ಅಲ್ಲದ ಒಂದು ಕೋಣೆಯನ್ನು ಆರಿಸಿಕೊಳ್ಳಿ.

ಅಲ್ಲಿ ಕೇಳಬಾರದ ಎರಡು ಪ್ರಶ್ನೆಗಳಿವೆ. ‘ನಿಮಗೆ ಬೇಸರವಾಗಿದೆಯೇ?’ ಎಂದು ಕೇಳಿದರೆ ಅವರು ಸುಳ್ಳು ಹೇಳಬೇಕು, ಇಲ್ಲವೇ ಅಪರಿಚಿತರ ಮುಂದೆ ಮನಸ್ಸು ಬಿಚ್ಚಬೇಕು. ‘ನಿಮ್ಮ ಬೆಂಬಲ ಸಿಗುತ್ತದೆ ತಾನೇ?’ ಎಂಬುದು ಇನ್ನೂ ಕೆಟ್ಟದ್ದು, ಏಕೆಂದರೆ ಕಳೆದುಕೊಂಡವರಿಂದಲೇ ಮತ್ತೂ ಒಂದನ್ನು ಬೇಡಿದಂತಾಗುತ್ತದೆ. ಬೆಂಬಲದ ಮಾತು ಬರುವುದಿದ್ದರೆ ತಿಂಗಳುಗಳ ನಂತರ, ಅವರಾಗಿಯೇ ಎತ್ತಿದಾಗ ಬರಲಿ.

ಹೇಳಬೇಕಾದದ್ದು ಇಷ್ಟೇ: ‘ನಾಳೆ ಬೆಳಿಗ್ಗೆ ತಂಡದ ಜತೆ ಮಾತನಾಡುತ್ತೇನೆ. ಅದರಲ್ಲಿ ನಿಮ್ಮ ಬಗ್ಗೆ ಒಂದೆರಡು ವಾಕ್ಯ ಇದೆ. ನಿಮಗೆ ಒಪ್ಪಿಗೆಯಾಗದ್ದನ್ನು ಹೇಳುವುದಿಲ್ಲ. ಕೇಳಿ ನೋಡಿ.’ ಆಮೇಲೆ ಆ ವಾಕ್ಯಗಳನ್ನು ಓದಿ.

ಖರೀದಿ ವಿಭಾಗದಲ್ಲಿ ನಾನು ಬರೆದುಕೊಂಡಿದ್ದ ವಾಕ್ಯ, ‘ಮೇಡಂ ಅವರು ಐದು ತಿಂಗಳು ಈ ವಿಭಾಗವನ್ನು ಅತ್ಯಂತ ಸಮರ್ಥವಾಗಿ ಮುನ್ನಡೆಸಿದ್ದಾರೆ’ ಎಂದಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಸಮರ್ಥವಾಗಿ ಎಂಬುದನ್ನು ತೆಗೆದುಬಿಡಿ’ ಎಂದರು. ‘ಅಷ್ಟು ಸಮರ್ಥಳಾಗಿದ್ದರೆ ಯಾಕೆ ಕೊಡಲಿಲ್ಲ ಎಂದು ಎಲ್ಲರೂ ಅಲ್ಲೇ ಕುಳಿತು ಯೋಚಿಸುತ್ತಾರೆ. ನಾವು ಮಾಡಿದ ಕೆಲಸ ಯಾವುದು, ಅದನ್ನು ಹೇಳಿ.’ ನನ್ನ ಮೊದಲ ಭಾಷಣದ ಒಂದು ಪುಟದ ಹೊಗಳಿಕೆ ಏಕೆ ಅಷ್ಟು ಭಾರವಾಗಿ ಬಿದ್ದಿತ್ತು ಎಂಬುದು ಆಗ ನನಗೆ ಅರ್ಥವಾಯಿತು. ಹುದ್ದೆ ಸಿಕ್ಕವರು ಹುದ್ದೆ ಸಿಗದವರನ್ನು ಸಭೆಯಲ್ಲಿ ಹೊಗಳಿದರೆ ಕೇಳುವವರ ಕಿವಿಗೆ ಅದು ಸಮಾಧಾನದ ಬಹುಮಾನದಂತೆ ಬೀಳುತ್ತದೆ. ಆಗಿರುವ ಕೆಲಸವನ್ನು ಹೆಸರಿಟ್ಟು ಹೇಳಿದರೆ ಹಾಗಾಗುವುದಿಲ್ಲ, ಏಕೆಂದರೆ ಅದು ಅಭಿಪ್ರಾಯವಲ್ಲ, ನಡೆದ ಸಂಗತಿ.

ಅದೇ ಭೇಟಿಯಲ್ಲಿ ಅವರು ತಂಡಕ್ಕೆ ಏನೇನು ಮಾತು ಕೊಟ್ಟಿದ್ದಾರೆ ಎಂಬ ಪಟ್ಟಿ ಕೇಳಿ ಪಡೆಯಿರಿ: ಯಾರಿಗೆ ರಜೆ, ಯಾರಿಗೆ ಯಾವ ಕೆಲಸ, ಯಾರ ಬಡ್ತಿಗೆ ಶಿಫಾರಸು. ಅಂಥ ಮಾತುಗಳು ಎಲ್ಲಿಯೂ ಬರೆದಿರುವುದಿಲ್ಲ, ಆದರೆ ಅವುಗಳನ್ನೇ ನಂಬಿಕೊಂಡವರು ನಾಳೆ ನಿಮ್ಮೆದುರು ಕುಳಿತಿರುತ್ತಾರೆ. ಸಭೆಗೆ ಬರುವುದು, ಬಂದು ಮಾತನಾಡುವುದು, ಬಾರದಿರುವುದು, ಮೂರನ್ನೂ ಅವರಿಗೇ ಬಿಡಿ. ಮೇಡಂ ಬಂದರು. ಆದರೆ ‘ನನ್ನನ್ನು ಎರಡು ಮಾತು ಆಡಿ ಎಂದು ಕರೆಯಬೇಡಿ’ ಎಂದು ಮೊದಲೇ ಹೇಳಿದ್ದರು. ನಾನು ಕರೆಯಲಿಲ್ಲ.

ಹಂತ 3: ಹೊತ್ತು, ಜಾಗ, ಪರಿಚಯ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಗಿನ ಹೊತ್ತು, ವಾರದ ಮಧ್ಯೆ. ವಾರದ ಕೊನೆಯ ಸಂಜೆ ಮಾತನಾಡಿದರೆ ನಿಮ್ಮ ಮಾತಿನ ಅರ್ಥವನ್ನು ಎರಡು ದಿನ ಅವರವರೇ ಹಚ್ಚಿಕೊಳ್ಳುತ್ತಾರೆ, ನೀವು ಎದುರಿಗಿರುವುದಿಲ್ಲ. ದೂರದಲ್ಲಿರುವವರು, ಬೇರೆ ಪಾಳಿಯವರು ಇದ್ದರೆ ಅದೇ ದಿನ ಅವರಿಗೂ ಹೇಳಿ. ಮಾತು ಐದು ನಿಮಿಷ, ಪ್ರಶ್ನೆಗಳಿಗೆ 25 ನಿಮಿಷ ಇಟ್ಟುಕೊಳ್ಳಿ.

ಪರಿಚಯ ಮಾಡಿಕೊಡುವ ಮೇಲಧಿಕಾರಿಯ ಬಳಿ ಮಾತ್ರ ಮುಂಚಿತವಾಗಿ ಮಾತನಾಡಿಕೊಳ್ಳಿ. ಅವರು ನಿಮ್ಮ ಪದವಿ, ಅನುಭವ, ಸಾಧನೆಗಳನ್ನು ಸಾಲಾಗಿ ಓದಿದರೆ ಪ್ರತಿ ಸಾಲಿಗೂ ತಂಡ ತಮ್ಮವರನ್ನು ಪಕ್ಕದಲ್ಲಿಟ್ಟು ತೂಗುತ್ತದೆ. ಅವರು ಹೇಳಬೇಕಾದದ್ದು ಎರಡೇ: ಈ ಆಯ್ಕೆಯನ್ನು ನಾವು ಮಾಡಿದ್ದೇವೆ, ಅದರ ಬಗ್ಗೆ ಪ್ರಶ್ನೆಯಿದ್ದವರು ನನ್ನ ಬಳಿಯೇ ಬನ್ನಿ. ಎರಡು ನಿಮಿಷದಲ್ಲಿ ಮುಗಿಸಿ ಅವರು ಹೊರಡಲಿ. ಅವರು ಕೋಣೆಯಲ್ಲಿ ಕುಳಿತಿರುವಷ್ಟು ಹೊತ್ತು ಯಾರೂ ನಿಜವಾದ ಪ್ರಶ್ನೆ ಕೇಳುವುದಿಲ್ಲ.

ಹಂತ 4: ಮಾತನ್ನು ಬರೆಯುವುದು

ನಾನು ಖರೀದಿ ವಿಭಾಗದಲ್ಲಿ ಆಡಿದ ಮಾತು ಹೆಚ್ಚುಕಡಿಮೆ ಹೀಗಿತ್ತು:

‘ಎಲ್ಲರಿಗೂ ನಮಸ್ಕಾರ. ಇಂದಿನಿಂದ ಈ ವಿಭಾಗದ ಹೊಣೆ ನನ್ನದು. ಈ ಜಾಗಕ್ಕೆ ನೀವು ಮೇಡಂ ಅವರನ್ನು ನಿರೀಕ್ಷಿಸಿದ್ದಿರಿ. ಹಾಗೆ ನಿರೀಕ್ಷಿಸಲು ನಿಮಗೆ ಕಾರಣವಿತ್ತು. ಆಯ್ಕೆಯ ಬಗ್ಗೆ ಹೇಳಬೇಕಾದದ್ದನ್ನು ನಿರ್ದೇಶಕರು ಹೇಳಿದ್ದಾರೆ, ಅದಕ್ಕೆ ನಾನು ಏನನ್ನೂ ಸೇರಿಸುವುದಿಲ್ಲ.

‘ಕಳೆದ ಐದು ತಿಂಗಳಲ್ಲಿ ಈ ವಿಭಾಗದಲ್ಲಿ ಬಾಕಿ ಬಿದ್ದಿದ್ದ ಪೂರೈಕೆದಾರರ ಬಿಲ್ಲುಗಳು ಚುಕ್ತಾ ಆಗಿವೆ. ತುರ್ತು ಖರೀದಿಗೆ ಪ್ರತ್ಯೇಕ ಕ್ರಮವೊಂದು ಜಾರಿಗೆ ಬಂದಿದೆ. ಮೇಡಂ ಮತ್ತು ನೀವೆಲ್ಲ ಸೇರಿ ಮಾಡಿದ ಕೆಲಸ ಅದು. ಆ ಕ್ರಮ ಹಾಗೆಯೇ ಮುಂದುವರಿಯುತ್ತದೆ.

‘ಮುಂದಿನ 30 ದಿನ ಮೂರು ಸಂಗತಿಗಳನ್ನು ನಾನು ಮುಟ್ಟುವುದಿಲ್ಲ. ಯಾವ ಪೂರೈಕೆದಾರರನ್ನು ಯಾರು ನೋಡಿಕೊಳ್ಳುತ್ತಿದ್ದೀರೋ ಅವರೇ ನೋಡಿಕೊಳ್ಳುತ್ತೀರಿ. ಮಂಜೂರಾದ ರಜೆಗಳು ಮಂಜೂರಾದಂತೆಯೇ ಇರುತ್ತವೆ. ಸೋಮವಾರದ ಸಭೆಯನ್ನು ಮೇಡಂ ಅವರೇ ನಡೆಸುತ್ತಾರೆ, ನಾನು ಕುಳಿತು ಕೇಳುತ್ತೇನೆ. ಒಂದು ಮಾತ್ರ ಇಂದಿನಿಂದ ಬದಲಾಗುತ್ತದೆ: ಮುಖ್ಯಸ್ಥರ ಅನುಮೋದನೆ ಬೇಕಾದ ಕಡತಗಳು ನನ್ನ ಮೇಜಿಗೆ ಬರಬೇಕು. ಬಂದ ಕಡತ ಎರಡು ದಿನದೊಳಗೆ ನಿಮಗೆ ಹಿಂತಿರುಗುತ್ತದೆ.

‘ನಿಮ್ಮ ಪೂರೈಕೆದಾರರು ನನಗೆ ಪರಿಚಯವಿಲ್ಲ, ನಿಮ್ಮ ಸಾಫ್ಟ್‌ವೇರ್ ಕೂಡ ನನಗೆ ಹೊಸದು. ಬರುವ ಬುಧವಾರದೊಳಗೆ ನಿಮ್ಮೊಬ್ಬೊಬ್ಬರ ಬಳಿ 20 ನಿಮಿಷ ಕುಳಿತು ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಬಳಿ ಮುಂದೆ ಸಾಗದೆ ನಿಂತಿರುವ ಕೆಲಸ ಯಾವುದು? ನಾನು ಕೈಹಾಕಬಾರದ್ದು ಯಾವುದು? ನೀವು ಹೇಳಿದ್ದನ್ನು ಹೆಸರಿಲ್ಲದೆ ಒಂದು ಹಾಳೆಯಲ್ಲಿ ಬರೆದು ಮುಂದಿನ ಶುಕ್ರವಾರ ಎಲ್ಲರ ಮುಂದಿಡುತ್ತೇನೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.’

ನಿಧಾನವಾಗಿ ಓದಿದರೂ ಇದು ಐದು ನಿಮಿಷ ಮೀರುವುದಿಲ್ಲ. ಇದರಲ್ಲಿ ಕೆಲವು ವಾಕ್ಯಗಳನ್ನು ಏಕೆ ಹಾಗೆ ಬರೆದೆ ಎಂಬುದನ್ನು ಬಿಡಿಸಿ ಹೇಳಬೇಕು.

ಎಲ್ಲರ ಮನಸ್ಸಿನಲ್ಲಿರುವ ಸಂಗತಿ ಮೊದಲ ಅರ್ಧ ನಿಮಿಷದಲ್ಲೇ ಬಂದುಬಿಡಬೇಕು. ಅದನ್ನು ಹೇಳದೆ ಉಳಿದದ್ದೆಲ್ಲ ಹೇಳಿದರೆ, ಇವರು ಯಾವಾಗ ಆ ಮಾತಿಗೆ ಬರುತ್ತಾರೆ ಎಂದು ಕಾಯುತ್ತಲೇ ಕೇಳುವವರ ಗಮನ ಹೋಗಿಬಿಡುತ್ತದೆ. ಆದರೆ ಅದಕ್ಕೆ ಎರಡೇ ವಾಕ್ಯ ಕೊಡಿ. ಮೂರನೆಯ ವಾಕ್ಯ ಬಂತೆಂದರೆ ಅದು ಕ್ಷಮೆಯಾಗುತ್ತದೆ ಅಥವಾ ಸಮರ್ಥನೆಯಾಗುತ್ತದೆ. ‘ಈ ಹುದ್ದೆಯನ್ನು ನಾನು ಕೇಳಿರಲಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಬಯಸಿದವರಿಗೆ ಸಿಗದೆ, ಬಯಸದವರಿಗೆ ಸಿಕ್ಕಿತು ಎಂದರೆ ಅವರ ನೋವು ಇಮ್ಮಡಿಯಾಗುತ್ತದೆ.

‘ಕಾರಣವಿತ್ತು’ ಎಂಬ ಪದವನ್ನು ಬೇಕೆಂದೇ ಇಟ್ಟೆ. ತಂಡದ ನಿರೀಕ್ಷೆ ತಪ್ಪಾಗಿರಲಿಲ್ಲ ಎಂದು ಹೊಸ ಮುಖ್ಯಸ್ಥರೇ ಒಪ್ಪಿದರೆ, ಅದನ್ನು ಸಾಬೀತು ಮಾಡಲು ಅವರು ಇನ್ನು ಹೋರಾಡಬೇಕಿಲ್ಲ.

ಬದಲಾಗದ ಮೂರರ ಜತೆಗೆ ಬದಲಾಗುವ ಒಂದನ್ನು ಹೇಳುವುದು ಬಹಳ ಮುಖ್ಯ. ಎಲ್ಲವೂ ಹಾಗೆಯೇ ಇರುತ್ತದೆ ಎಂದಷ್ಟೇ ಹೇಳಿದರೆ ‘ಇವರು ಹೆಸರಿಗೆ ಮಾತ್ರ ಮುಖ್ಯಸ್ಥರು, ಕಡತ ಮೇಡಂ ಬಳಿಗೇ ಒಯ್ಯೋಣ’ ಎಂದು ತಂಡ ಅರ್ಥಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಸರಿಪಡಿಸಲು ಹೋದರೆ ಅಧಿಕಾರ ಕಸಿದುಕೊಂಡಂತೆ ಕಾಣುತ್ತದೆ. ಸಹಿ ಯಾರದು ಎಂಬುದು ಮೊದಲ ದಿನವೇ ಸ್ಪಷ್ಟವಾಗಿರಬೇಕು. ಅದರ ಬೆನ್ನಿಗೇ ನಿಮಗೊಂದು ಕಟ್ಟುಪಾಡು ಹಾಕಿಕೊಳ್ಳಿ, ಎರಡು ದಿನದ ಗಡುವಿನ ಹಾಗೆ. ಪಡೆದ ಅಧಿಕಾರದ ಪಕ್ಕದಲ್ಲೇ ಹೊತ್ತ ಹೊಣೆಯೂ ಕಾಣುತ್ತದೆ.

ಸೋಮವಾರದ ಸಭೆಯನ್ನು ಮೇಡಂ ನಡೆಸುತ್ತಾರೆ ಎಂಬುದನ್ನು ಹಿಂದಿನ ದಿನವೇ ಅವರನ್ನು ಕೇಳಿ ಸೇರಿಸಿದ್ದೆ. ಒಪ್ಪಿಗೆ ಇಲ್ಲದೆ ಎಲ್ಲರೆದುರು ಯಾರಿಗೂ ಯಾವ ಕೆಲಸವನ್ನೂ ಘೋಷಿಸಬೇಡಿ, ಅದು ಗೌರವದ ಕೆಲಸವಾಗಿದ್ದರೂ ಸರಿ.

30 ದಿನ ಎಂಬ ಲೆಕ್ಕಕ್ಕೂ ಕಾರಣವಿದೆ. ಆ ಅವಧಿಯಲ್ಲಿ ಮೇಲಿನಿಂದ ಯಾವ ಬದಲಾವಣೆಯೂ ಇಲ್ಲವೆಂದು ನಿರ್ದೇಶಕರಿಂದ ಖಚಿತಪಡಿಸಿಕೊಂಡಿದ್ದೆ. ಅವರು 15 ದಿನ ಎಂದಿದ್ದರೆ ನಾನೂ 15 ಎಂದೇ ಹೇಳುತ್ತಿದ್ದೆ. ಗಡುವಿಲ್ಲದ ಭರವಸೆಗಿಂತ ಚಿಕ್ಕ ಗಡುವಿನ ಭರವಸೆಗೆ ತೂಕ ಹೆಚ್ಚು, ಅದನ್ನು ಉಳಿಸಿಕೊಂಡಿರೋ ಇಲ್ಲವೋ ಎಂದು ಅವರು ಲೆಕ್ಕ ಹಾಕಿ ನೋಡಬಹುದು.

‘ನಾವೆಲ್ಲ ಒಂದೇ ಕುಟುಂಬ’, ‘ನನ್ನ ಬಾಗಿಲು ಸದಾ ತೆರೆದಿರುತ್ತದೆ’ ಎಂಬ ಮಾತುಗಳನ್ನು ಇಂಥ ಸಭೆಯಲ್ಲಿ ಆಡಬೇಡಿ. ಅವರ ಕುಟುಂಬ ನಿನ್ನೆಯೇ ಇತ್ತು, ನೀವು ಅದರೊಳಗೆ ಇನ್ನೂ ಬಂದಿಲ್ಲ. ತೆರೆದ ಬಾಗಿಲೊಳಗೆ ಮೊದಲು ಕಾಲಿಡುವವರನ್ನು ಉಳಿದವರು ಪಕ್ಷಾಂತರಿಯಂತೆ ನೋಡುತ್ತಾರೆ. ಅದಕ್ಕೇ ನಾನೇ ಎಲ್ಲರ ಮೇಜಿಗೂ ಹೋಗುತ್ತೇನೆ ಎಂದದ್ದು. ಎಲ್ಲರ ಬಳಿಗೂ ಹೋದರೆ ಯಾರ ಮೇಲೂ ಕಣ್ಣು ಬೀಳುವುದಿಲ್ಲ.

ಹಂತ 5: ಪ್ರಶ್ನೆಗಳು, ಮತ್ತು ಪ್ರಶ್ನೆ ಬಾರದ ಹೊತ್ತು

‘ಪ್ರಶ್ನೆ ಕೇಳಿ’ ಎಂದ ಮೇಲೆ ಮೌನ ಕವಿಯುತ್ತದೆ. ಮನಸ್ಸಿನಲ್ಲೇ 20 ಎಣಿಸಿ. ಎದುರಿಗೆ ನಿಂತವರಿಗೆ ಅದು ಬಹಳ ದೊಡ್ಡ ಹೊತ್ತು, ಆದರೆ ಕುಳಿತವರು ಧೈರ್ಯ ಒಟ್ಟುಮಾಡಿಕೊಳ್ಳಲು ಅಷ್ಟು ಬೇಕು. ಆಗಲೂ ಯಾರೂ ಮಾತನಾಡದಿದ್ದರೆ ಅವರ ಪ್ರಶ್ನೆಯನ್ನು ನೀವೇ ಎತ್ತಿ: ‘ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ, ಮೇಡಂ ಕೊಟ್ಟ ಮಾತುಗಳ ಗತಿ ಏನು ಎಂದು ಕೇಳುತ್ತಿದ್ದೆ.’ ನಮ್ಮ ಸಭೆಯಲ್ಲಿ ಇದನ್ನು ಹೇಳಿದ ಮೇಲೆ ಹಿಂದಿನ ಸಾಲಿನಿಂದ ಮೊದಲ ಕೈ ಮೇಲೆದ್ದಿತು. ತನಗೆ ತರಬೇತಿಗೆ ಹೋಗಲು ಒಪ್ಪಿಗೆ ಸಿಕ್ಕಿತ್ತು, ಅದು ಉಳಿಯುತ್ತದೆಯೇ ಎಂದು ಕಿರಿಯ ಉದ್ಯೋಗಿಯೊಬ್ಬರು ಕೇಳಿದರು. ಪಟ್ಟಿ ನನ್ನ ಬಳಿ ಇತ್ತು. ‘ಉಳಿಯುತ್ತದೆ’ ಎಂದೆ. ಆ ಒಂದು ಪದಕ್ಕೆ ಕೋಣೆಯ ಬಿಗಿ ಸ್ವಲ್ಪ ಸಡಿಲವಾದದ್ದು ನನಗೇ ಗೊತ್ತಾಯಿತು.

ಪಟ್ಟಿಯಲ್ಲಿರುವ ಯಾವುದನ್ನಾದರೂ ಉಳಿಸಲಾಗದಿದ್ದರೆ ಅದನ್ನು ಸಭೆಗೆ ಮೊದಲೇ ಆ ವ್ಯಕ್ತಿಗೆ ಪ್ರತ್ಯೇಕವಾಗಿ ಹೇಳಿ. ಸಭೆಯಲ್ಲಿ ಗೊತ್ತಾಗಬಾರದು.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ: ‘ನಿಮ್ಮನ್ನೇ ಏಕೆ ಆರಿಸಿದರು?’ ನಿಮ್ಮ ಅರ್ಹತೆಗಳನ್ನು ಹೇಳಿಕೊಳ್ಳುವ ಆಸೆಗೆ ಬೀಳಬೇಡಿ. ‘ಆ ಪ್ರಶ್ನೆಗೆ ಆರಿಸಿದವರೇ ಉತ್ತರ ಕೊಡಬೇಕು, ಅವರ ಬಳಿ ಕೇಳಲು ನಿಮಗೆ ಅವಕಾಶವಿದೆ’ ಎಂದಷ್ಟೇ ಹೇಳಿ. ‘ನಿಮ್ಮ ಹಳೆಯ ಜಾಗದಿಂದ ಯಾರನ್ನಾದರೂ ಕರೆತರುತ್ತೀರಾ?’ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ನೇರ ಉತ್ತರವೇ ಬೇಕು. ಗೊತ್ತಿಲ್ಲದ ಪ್ರಶ್ನೆಗೆ, ಗೊತ್ತಿಲ್ಲ, ಇಂಥ ದಿನದೊಳಗೆ ತಿಳಿದು ಹೇಳುತ್ತೇನೆ ಎಂದು ಹೇಳಿ ಎಲ್ಲರೆದುರೇ ಬರೆದುಕೊಳ್ಳಿ.

ಯಾರಾದರೂ ಸಿಟ್ಟಿನಿಂದ ‘ಇದು ಅನ್ಯಾಯ’ ಎಂದರೆ ವಾದಿಸಬೇಡಿ, ಸಮಾಧಾನ ಪಡಿಸಲೂ ಹೋಗಬೇಡಿ. ‘ಕೇಳಿಸಿಕೊಂಡೆ’ ಎನ್ನಿ, ಮುಂದಿನ ಪ್ರಶ್ನೆಗೆ ಹೋಗಿ. ಆ ವ್ಯಕ್ತಿ ಉಳಿದವರ ಪರವಾಗಿ ಬಾಯಿ ತೆರೆದಿದ್ದಾರೆ. ಆ ಕಾರಣಕ್ಕೆ ಅವರಿಗೆ ಏನೂ ಆಗಲಿಲ್ಲ ಎಂಬುದನ್ನು ತಂಡ ಮುಂದಿನ ವಾರಗಳಲ್ಲಿ ಗಮನಿಸುತ್ತದೆ.

ಹಂತ 6: ಮಾತು ಮುಟ್ಟಿತೇ ಎಂದು ತಿಳಿಯುವುದು

ಸಭೆಯ ಚಪ್ಪಾಳೆಯಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಕಡತಗಳ ದಾರಿಯನ್ನು. ಮೊದಲ ವಾರ ಅವು ಮೇಡಂ ಮೇಜಿಗೆ ಹೋಗಿ ಅಲ್ಲಿಂದ ನನ್ನ ಬಳಿ ಬರುತ್ತಿದ್ದವು. ಅದು ಅಭ್ಯಾಸ, ಅದಕ್ಕೆ ಗಾಬರಿಯಾಗಬೇಕಿಲ್ಲ. ಎರಡನೆಯ ವಾರವೂ ಹಾಗೆಯೇ ನಡೆದರೆ ಸಹಿಯ ಮಾತು ಮುಟ್ಟಿಲ್ಲವೆಂದು ಅರ್ಥ, ಅದನ್ನು ಮೇಡಂ ಬಳಿಯೇ ಪ್ರತ್ಯೇಕವಾಗಿ ಮಾತನಾಡಬೇಕು. ನೀವು ಪ್ರಶ್ನೆ ಕೇಳಿದಾಗ ಉತ್ತರಿಸುವ ಮೊದಲು ಜನ ಅವರ ಮುಖ ನೋಡುತ್ತಾರೆಯೇ ಎಂಬುದೂ ಒಂದು ಗುರುತು. ಕೆಟ್ಟ ಸುದ್ದಿ ನಿಮಗೆ ಎಷ್ಟು ಬೇಗ ತಲುಪುತ್ತದೆ ಎಂಬುದು ಎಲ್ಲಕ್ಕಿಂತ ನಂಬಲರ್ಹ ಗುರುತು. ಪೂರೈಕೆದಾರರೊಬ್ಬರು ಸರಕು ತಡಮಾಡಿದ ವಿಷಯ ಹೊರಗಿನವರಿಂದ ತಿಳಿದರೆ ತಂಡ ಇನ್ನೂ ನಿಮ್ಮಿಂದ ದೂರವಿದೆ.

ಹಂತ 7: ಹೇಳಿದ ದಿನಕ್ಕೆ ಹೇಳಿದ್ದು

14 ಮಂದಿ, ತಲಾ 20 ನಿಮಿಷ ಎಂದರೆ ಐದು ಗಂಟೆಗೆ ಸ್ವಲ್ಪ ಕಡಿಮೆ. ದಿನಕ್ಕೆ ಮೂರೋ ನಾಲ್ಕೋ ಜನರಂತೆ ವಾರದೊಳಗೆ ಮುಗಿಯುತ್ತದೆ. ತಂಡ 40 ಜನರದಾದರೆ ಎಲ್ಲರ ಬಳಿಯೂ ಕೂರುವ ಮಾತು ಕೊಡಬೇಡಿ, ನಾಲ್ಕೈದು ಜನರ ಗುಂಪುಗಳಾಗಿ ಮಾಡಿಕೊಳ್ಳಿ. ಕೇಳುವಾಗ ಎರಡೇ ಪ್ರಶ್ನೆ ಕೇಳಿ, ಉತ್ತರವನ್ನು ಬರೆದುಕೊಳ್ಳಿ, ಅಲ್ಲೇ ಪರಿಹಾರ ಸೂಚಿಸಬೇಡಿ. ಮೇಡಂ ಬಗ್ಗೆ ಯಾರಾದರೂ ದೂರು ಹೇಳಲು ಶುರುಮಾಡಿದರೆ ಮೆಲ್ಲಗೆ ಮಾತನ್ನು ಕೆಲಸದ ಕಡೆಗೆ ತಿರುಗಿಸಿ. ಹೊಸಬರ ಮನಗೆಲ್ಲಲು ಹಳಬರನ್ನು ತೆಗಳುವವರು ಎಲ್ಲ ಕಡೆಯೂ ಒಬ್ಬಿಬ್ಬರಿರುತ್ತಾರೆ. ನೀವು ಕಿವಿಗೊಟ್ಟ ಸುದ್ದಿ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ.

ನಮ್ಮ ಹಾಳೆಯಲ್ಲಿ ಒಂಬತ್ತು ಸಂಗತಿಗಳಾದವು. ನಾಲ್ಕನ್ನು ನಾನೇ ಬಗೆಹರಿಸಬಹುದಿತ್ತು, ಪ್ರತಿಯೊಂದರ ಮುಂದೆ ದಿನಾಂಕ ಹಾಕಿದೆ. ಮೂರನ್ನು ನಿರ್ದೇಶಕರ ಬಳಿ ಒಯ್ಯಬೇಕಿತ್ತು. ಉಳಿದ ಎರಡರ ಮುಂದೆ ‘ಸದ್ಯಕ್ಕೆ ಆಗುವುದಿಲ್ಲ’ ಎಂದು ಬರೆದು ಕಾರಣ ಕೊಟ್ಟೆ. ಗುರುವಾರ ಸಂಜೆ ಹಾಳೆಯನ್ನು ಮೊದಲು ಮೇಡಂಗೆ ತೋರಿಸಿದೆ. ಅವರು ಎರಡು ಸಲ ಓದಿ, ಪೆನ್ನು ತೆಗೆದುಕೊಂಡು ಒಂದು ದಿನಾಂಕವನ್ನು ತಿದ್ದಿದರು. ‘ಉಗ್ರಾಣದವರು ಅಷ್ಟು ಬೇಗ ಲೆಕ್ಕ ಕೊಡುವುದಿಲ್ಲ, ಇನ್ನೊಂದು ವಾರ ಇಟ್ಟುಕೊಳ್ಳಿ’ ಎಂದರು. ಅವರ ಅಕ್ಷರದ ಆ ತಿದ್ದುಪಡಿ ಇದ್ದ ಹಾಳೆಯನ್ನೇ ಶುಕ್ರವಾರ ಬೆಳಿಗ್ಗೆ ಸೂಚನಾ ಫಲಕಕ್ಕೆ ಅಂಟಿಸಿದೆ.